ಕೆಫೆಯಲ್ಲಿ ಹಾಡು ಹಾಕಿದ್ದಕ್ಕೆ ಬಂದ ನೋಟಿಸ್: ಮೈಸೂರಿನ ಒಂದು ಪ್ರಕರಣ

ಕಳೆದ ಡಿಸೆಂಬರ್ ಮೊದಲ ವಾರ ಮೈಸೂರಿನ ಒಂದು ಸಣ್ಣ ಕೆಫೆಗೆ ಲೀಗಲ್ ನೋಟಿಸ್ ಬಂತು. ಕಳಿಸಿದ್ದು ಧ್ವನಿಮುದ್ರಿತ ಹಾಡುಗಳ ಹಕ್ಕು ತನ್ನ ಬಳಿ ಇದೆ ಅನ್ನುವ ಒಂದು ಕಂಪನಿ. ನಾನು ಹೋಟೆಲ್, ಬೇಕರಿ, ಕೆಫೆಗಳಿಗೆ ಟ್ರೇಡ್ ಲೈಸೆನ್ಸ್, ಫುಡ್ ಲೈಸೆನ್ಸ್, ಜಿಎಸ್‌ಟಿ ಕಾಗದಪತ್ರ ಮಾಡಿಕೊಡುವವನು. ಹಾಗಾಗಿ ಅದು ಸೀದಾ ನನ್ನ ವಾಟ್ಸ್ಆ್ಯಪ್‌ಗೆ ಬಂತು. ಕೆಫೆ ಹೆಸರಾಗಲಿ, ಆ ಕಂಪನಿಯ ಹೆಸರಾಗಲಿ ಇಲ್ಲಿ ಹೇಳುವುದಿಲ್ಲ. ಆದರೆ ಇಡೀ ಪ್ರಕರಣ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ, ಸಲೂನ್‌ನಲ್ಲಿ, ಜಿಮ್‌ನಲ್ಲಿ ಫೋನಿಂದ ಸ್ಪೀಕರ್‌ಗೆ ಹಾಡು ಹಾಕುವ ಎಷ್ಟೋ ಜನರಿಗೆ ಇದರ ಒಳಗಿನ ಲೆಕ್ಕ ಗೊತ್ತಿಲ್ಲ, ಗೊತ್ತಾಗುವ ಹೊತ್ತಿಗೆ ನೋಟಿಸ್ ಬಂದಿರುತ್ತದೆ.

ಕೆಫೆ ನಡೆಸುವುದು ಗಂಡ ಹೆಂಡತಿ. ಲೆಕ್ಕಪತ್ರ ಎಲ್ಲ ಮೇಡಂ ನೋಡಿಕೊಳ್ಳುತ್ತಾರೆ. 38 ಸೀಟು, ಬಾಗಿಲು ತೆರೆದು ಆಗ ಒಂದೂವರೆ ವರ್ಷ. ಬೆಳಿಗ್ಗೆ ಯೂಟ್ಯೂಬ್‌ನಿಂದ ದಾಸರಪದ, ಮಧ್ಯಾಹ್ನ ಇಂಗ್ಲಿಷ್, ಸಂಜೆ ಕನ್ನಡ ಸಿನಿಮಾ ಹಾಡು. ಸಂಜೆಯ ಹಾಡುಗಳೆಲ್ಲ ಮಗನ ಹೆಸರಿನ ಸ್ಪಾಟಿಫೈ ಪ್ರೀಮಿಯಂ ಅಕೌಂಟ್‌ನಿಂದ. ಶನಿವಾರ ಸಂಜೆ ಕಾಲೇಜು ಹುಡುಗರಿಬ್ಬರು ಗಿಟಾರ್ ಹಿಡಿದು ಹಾಡುತ್ತಿದ್ದರು. ಡಿಸೆಂಬರ್ 31ಕ್ಕೆ ಡಿಜೆ ಇಟ್ಟು, ಟಿಕೆಟ್ ಮಾಡಿ ಹೊಸ ವರ್ಷದ ಪಾರ್ಟಿ ಮಾಡುವ ಯೋಚನೆಯೂ ಇತ್ತು. ಪೋಸ್ಟರ್ ಇನ್‌ಸ್ಟಾಗ್ರಾಂನಲ್ಲಿ ಹಾಕಿಯೂ ಆಗಿತ್ತು.

ನೋಟಿಸ್‌ನಲ್ಲಿ ಇದ್ದದ್ದು ಇಷ್ಟು. ಇಂಥ ದಿನ ಸಂಜೆ ನಮ್ಮ ಪ್ರತಿನಿಧಿ ನಿಮ್ಮಲ್ಲಿಗೆ ಬಂದಿದ್ದರು, ಈ ಐದು ಹಾಡು ಕೇಳಿಬಂತು, ವಿಡಿಯೋ ನಮ್ಮ ಹತ್ತಿರ ಇದೆ, ನೀವು ಲೈಸೆನ್ಸ್ ತಗೊಂಡಿಲ್ಲ, ಮೂರು ವರ್ಷದ ಫೀಸು ಕಟ್ಟಿ, ಇಲ್ಲದಿದ್ದರೆ ಕಾಪಿರೈಟ್ ಕಾಯ್ದೆಯ 51 ಮತ್ತು 63ನೇ ಸೆಕ್ಷನ್ ಪ್ರಕಾರ ಕ್ರಮ. ಪ್ರತಿನಿಧಿ ಅಂದರೆ ಯಾರೋ ಗಿರಾಕಿಯ ಹಾಗೆ ಬಂದು ಕಾಫಿ ಕುಡಿದು, ಫೋನಲ್ಲಿ ರೆಕಾರ್ಡ್ ಮಾಡಿಕೊಂಡು, ಬಿಲ್ಲನ್ನೂ ಸಾಕ್ಷಿಗೆ ಅಂತ ಇಟ್ಟುಕೊಂಡು ಹೋದವರು. ಈ ಕ್ಷೇತ್ರದಲ್ಲಿ ನಡೆಯುವುದೇ ಹೀಗೆ. ಡಿಸೆಂಬರ್‌ನಲ್ಲಿ ಪಾರ್ಟಿ ಪೋಸ್ಟರ್‌ಗಳನ್ನು ನೋಡಿ ಬರುವವರು ಜಾಸ್ತಿ.

ಮೇಡಂ ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. "ತಿಂಗಳು ತಿಂಗಳು ದುಡ್ಡು ಕಟ್ಟಿ ತಗೊಂಡಿರೋ ಪ್ರೀಮಿಯಂ ಸರ್ ಇದು. ಪೈರಸಿ ಅಲ್ಲವಲ್ಲ. ಆಮೇಲೆ ಇವರಿಗ್ಯಾಕೆ ಕಟ್ಟಬೇಕು?"

ನ್ಯಾಯವಾದ ಪ್ರಶ್ನೆ. ನಾನು ಅವರ ಅಡುಗೆಮನೆಯಲ್ಲಿದ್ದ ಗ್ಯಾಸ್ ಸಿಲಿಂಡರ್ ತೋರಿಸಿದೆ. ಮನೆಗೆ ಅಂತ ಬುಕ್ ಮಾಡಿದ 14.2 ಕೆ.ಜಿ. ಸಿಲಿಂಡರ್‌ಗೂ ನೀವು ದುಡ್ಡು ಕೊಟ್ಟೇ ಇರುತ್ತೀರಿ, ಆದರೂ ಅದನ್ನು ತಂದು ಕೆಫೆ ಒಲೆಗೆ ಹಚ್ಚುವ ಹಾಗಿಲ್ಲ, 19 ಕೆ.ಜಿ.ಯ ಕಮರ್ಷಿಯಲ್ಲೇ ಬೇಕು. ಒಳಗಿನ ಗ್ಯಾಸ್ ಒಂದೇ, ನೀವು ಕೊಂಡ ಅನುಮತಿ ಬೇರೆ. ಅವರಿಗೆ ತಕ್ಷಣ ಅರ್ಥವಾಯಿತು.

ಹಾಡಿನ ವಿಷಯದಲ್ಲಿ ಆ ಅನುಮತಿ ಎಲ್ಲಿ ನಿಂತುಹೋಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಇವರ್ಯಾರೂ ಹಾಡುಗಳ ಮಾಲೀಕರಲ್ಲ. ಅವರೂ ಆಡಿಯೋ ಕಂಪನಿಗಳ ಹತ್ತಿರ, ಸಂಗೀತ ನಿರ್ದೇಶಕರು ಮತ್ತು ಗೀತರಚನೆಕಾರರ ಸಂಘಗಳ ಹತ್ತಿರ ಲೈಸೆನ್ಸ್ ತಗೊಂಡವರು. ಆ ಲೈಸೆನ್ಸ್ ಇರುವುದು ಒಬ್ಬ ಕೇಳುಗನ ಸ್ವಂತ ಬಳಕೆಗೆ ಹಾಡು ತಲುಪಿಸುವುದಕ್ಕೆ ಮಾತ್ರ. ತಮ್ಮ ಬಳಿ ಇಲ್ಲದ ಹಕ್ಕನ್ನು ಅವರು ನಿಮಗೆ ಕೊಡುವುದು ಹೇಗೆ? ಅದಕ್ಕೇ ಮೂರೂ ಕಡೆಯ ಷರತ್ತುಗಳಲ್ಲಿ ಸ್ವಂತದ, ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ ಅಂತ ಬರೆದಿರುತ್ತದೆ. ಬಾರ್, ರೆಸ್ಟೋರೆಂಟ್, ಅಂಗಡಿ, ಸಲೂನ್, ಶಾಲೆ, ಡ್ಯಾನ್ಸ್ ಕ್ಲಾಸ್ ಇಲ್ಲೆಲ್ಲ ಹಾಕುವಂತಿಲ್ಲ ಅಂತ ಸ್ಪಾಟಿಫೈ ತನ್ನ ಸಹಾಯ ಪುಟದಲ್ಲಿ ಹೆಸರು ಹಿಡಿದೇ ಹೇಳಿದೆ. ಯೂಟ್ಯೂಬ್ ಷರತ್ತಿನಲ್ಲೂ ಸಾರ್ವಜನಿಕವಾಗಿ ವಿಡಿಯೋ ತೋರಿಸುವಂತಿಲ್ಲ, ಹಾಡು ಹಾಕುವಂತಿಲ್ಲ ಅಂತ ಸ್ಪಷ್ಟವಾಗಿದೆ. ಪ್ರೀಮಿಯಂ ಕಟ್ಟಿದರೆ ಜಾಹೀರಾತು ಹೋಗುತ್ತದೆ, ಆಫ್‌ಲೈನ್ ಸಿಗುತ್ತದೆ. ಅನುಮತಿ ಮಾತ್ರ ಅಷ್ಟೇ ಇರುತ್ತದೆ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ತಿಂಗಳಿಗೆ ನೂರಿನ್ನೂರು ರೂಪಾಯಿಯ ದರ ಹಾಕಿರುವುದು ಒಬ್ಬ ಮನುಷ್ಯ ದಿನಕ್ಕೆ ಒಂದೆರಡು ಗಂಟೆ ಕೇಳುತ್ತಾನೆ ಅನ್ನುವ ಅಂದಾಜಿನ ಮೇಲೆ. ಕೆಫೆಯಲ್ಲಿ ಅದೇ ಅಕೌಂಟ್ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡುತ್ತದೆ, ನೂರಾರು ಜನ ಕೇಳುತ್ತಾರೆ, ಆ ವಾತಾವರಣದಿಂದ ನಿಮ್ಮ ವ್ಯಾಪಾರವೂ ಬೆಳೆಯುತ್ತದೆ. ಆದರೆ ಹಾಡು ಬರೆದವರ ಲೆಕ್ಕಕ್ಕೆ ಹೋಗುವುದು ಒಬ್ಬ ಕೇಳುಗ ಕೇಳಿದ್ದು ಅಂತ. ಇದು ಸರಿಯಲ್ಲ ಅಂತ ನನಗೂ ಅನ್ನಿಸುತ್ತದೆ. ಕನ್ನಡದ ಗೀತರಚನೆಕಾರರಿಗೆ ಒಂದು ಹಾಡಿಗೆ ಮೊದಲು ಕೊಟ್ಟ ಸಂಭಾವನೆ ಎಷ್ಟು ಅಂತ ಕೇಳಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಆ್ಯಪ್‌ನ ಷರತ್ತು ಮುರಿದದ್ದು ಒಂದು, ಅದಕ್ಕೆ ಹೆಚ್ಚೆಂದರೆ ಅಕೌಂಟ್ ನಿಲ್ಲಿಸುತ್ತಾರೆ. ಕಾಪಿರೈಟ್ ಇರುವ ಹಾಡನ್ನು ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕೇಳಿಸಿದ್ದು ಇನ್ನೊಂದು, ನೋಟಿಸ್ ಬರುವುದು ಇದಕ್ಕೆ. ಸಿ.ಡಿ. ಕೊಂಡು ಹಾಕಿದರೂ, ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದರೂ ಎರಡನೆಯದು ತಪ್ಪುವುದಿಲ್ಲ. 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತ ಇದೆ. ಪೊಲೀಸರು ವಾರಂಟ್ ಇಲ್ಲದೆ ಕ್ರಮ ತಗೊಳ್ಳಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ನೋಟಿಸನ್ನು ಡ್ರಾಯರ್‌ನಲ್ಲಿಟ್ಟು ಮರೆಯುವ ಹಾಗಿಲ್ಲ.

ಒಂದು ಹಾಡು, ಎರಡು ಮಾಲೀಕರು

ಮೇಡಂಗೆ ಅರ್ಧ ದಿನ ತಲೆ ಕೆಡಿಸಿದ್ದು ಈ ಭಾಗ. ನೋಟಿಸ್ ಕಳಿಸಿದವರಿಗೆ ದುಡ್ಡು ಕಟ್ಟಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದರು. ಮುಗಿಯುವುದಿಲ್ಲ.

ಸ್ಪೀಕರ್‌ನಿಂದ ಬರುವ ಒಂದು ಸಿನಿಮಾ ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯದ್ದು ಒಂದು. ಸ್ಟುಡಿಯೋದಲ್ಲಿ ಮುದ್ರಿಸಿದ ಆ ರೆಕಾರ್ಡಿಂಗ್‌ದು ಇನ್ನೊಂದು. ಮೊದಲನೆಯದಕ್ಕೆ ಅನುಮತಿ ಕೊಡುವುದು ಮುಖ್ಯವಾಗಿ ಐಪಿಆರ್‌ಎಸ್, 1969ರಲ್ಲಿ ಶುರುವಾದ ಸಂಘ. 2012ರ ತಿದ್ದುಪಡಿ ಆದ ಮೇಲೆ, ಸಿನಿಮಾಕ್ಕೆ ಅಂತ ಬರೆದ ಹಾಡಾದರೂ ಥಿಯೇಟರ್ ಹೊರಗೆ ಎಲ್ಲಿ ಬಳಸಿದರೂ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಪಾಲು ಸಲ್ಲಲೇಬೇಕು, ಆ ಹಕ್ಕನ್ನು ಅವರು ಬರೆದುಕೊಟ್ಟುಬಿಡುವ ಹಾಗೂ ಇಲ್ಲ. ಎರಡನೆಯದು, ಅಂದರೆ ರೆಕಾರ್ಡಿಂಗ್, ಆಡಿಯೋ ಕಂಪನಿಗಳದ್ದು. ಅವುಗಳ ಪರವಾಗಿ ಪಿಪಿಎಲ್, ನೋವೆಕ್ಸ್, ಆರ್‌ಎಂಪಿಎಲ್ ಇವರೆಲ್ಲ ವಸೂಲಿ ಮಾಡುತ್ತಾರೆ. ಯಾರ ಹತ್ತಿರ ಯಾವ ಕಂಪನಿಯ ಹಾಡು ಇದೆ ಅನ್ನುವುದು ಬದಲಾಗುತ್ತಾ ಇರುತ್ತದೆ, ಆದ್ದರಿಂದ ಅವರವರ ವೆಬ್‌ಸೈಟ್‌ನಲ್ಲಿರುವ ಪಟ್ಟಿಯನ್ನು ಆಯಾ ದಿನವೇ ನೋಡಬೇಕು.

ಈ ರೆಕಾರ್ಡಿಂಗ್ ಕಡೆ ಒಂದು ದೊಡ್ಡ ಜಗಳ ನಡೆಯುತ್ತಿದೆ. ನೋಟಿಸ್ ಬಂದವರು ಗೂಗಲ್ ಮಾಡಿದ ಕೂಡಲೇ ಅದು ಸಿಗುತ್ತದೆ, ಮತ್ತು ಅರ್ಧ ಓದಿ "ಇವರಿಗೆ ವಸೂಲಿ ಮಾಡೋ ಅಧಿಕಾರವೇ ಇಲ್ಲವಂತೆ" ಅಂತ ನಿರಾಳವಾಗಿಬಿಡುತ್ತಾರೆ. ಪ್ರಶ್ನೆ ಏನೆಂದರೆ, ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿರುವ ಕಾಪಿರೈಟ್ ಸೊಸೈಟಿ, ಅಂದರೆ ಹಲವು ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಡುವ ಸಂಘ, ಅಲ್ಲದ ಕಂಪನಿ ಹೀಗೆ ಸಾಮೂಹಿಕವಾಗಿ ಲೈಸೆನ್ಸ್ ಕೊಡಬಹುದಾ? ಐಪಿಆರ್‌ಎಸ್, ಆರ್‌ಎಂಪಿಎಲ್ ನೋಂದಣಿ ಆದವು. ಪಿಪಿಎಲ್, ನೋವೆಕ್ಸ್ ತಮ್ಮನ್ನು ಹಕ್ಕಿನ ಮಾಲೀಕರು ಅಂತ ಕರೆದುಕೊಳ್ಳುತ್ತವೆ, 30ನೇ ಸೆಕ್ಷನ್ ಪ್ರಕಾರ ಮಾಲೀಕ ನೇರವಾಗಿ ಲೈಸೆನ್ಸ್ ಕೊಡಬಹುದು ಅನ್ನುತ್ತವೆ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಆಗುವುದಿಲ್ಲ ಅಂದಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಆಗುತ್ತದೆ ಅಂದಿತು. 2025ರ ಏಪ್ರಿಲ್‌ನಲ್ಲಿ, ರೆಸ್ಟೋರೆಂಟ್‌ಗಳನ್ನು ನಡೆಸುವ ಅಜೂರ್ ಹಾಸ್ಪಿಟಾಲಿಟಿ ಮತ್ತು ಪಿಪಿಎಲ್ ನಡುವಿನ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ, ಪಿಪಿಎಲ್ ತಾನೇ ಸೊಸೈಟಿಯಾಗಿ ನೋಂದಾಯಿಸಿಕೊಳ್ಳಬೇಕು ಅಥವಾ ಅಂಥ ಸೊಸೈಟಿಯ ಸದಸ್ಯ ಆಗಿರಬೇಕು ಅಂತ ಹೇಳಿ, ಸದ್ಯಕ್ಕೆ ಆರ್‌ಎಂಪಿಎಲ್ ದರದಲ್ಲಿ ಕಟ್ಟಿ ಅಂತ ಆದೇಶ ಕೊಟ್ಟಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಪಾವತಿ ನಿರ್ದೇಶನಕ್ಕೆ ತಡೆ ಕೊಟ್ಟಿತು. ಹಾಗಂತ ಅದಕ್ಕೂ ಮೊದಲು, ಪಿಪಿಎಲ್‌ನ ಹಾಡುಗಳನ್ನು ಅಜೂರ್ ಹಾಕುವಂತಿಲ್ಲ ಅಂತ ಏಕಸದಸ್ಯ ಪೀಠ ಕೊಟ್ಟಿದ್ದ ತಡೆಯಾಜ್ಞೆ ಮತ್ತೆ ಜೀವ ಪಡೆಯಿತು ಅಂತ ಅರ್ಥವಲ್ಲ ಅಂತಲೂ ಹೇಳಿತು.

ಇಷ್ಟೆಲ್ಲ ಓದಿದ ಮೇಲೆ ಕೆಫೆಯವರು ಗಮನಿಸಬೇಕಾದ್ದು ಒಂದೇ. ಈ ಜಗಳ ದುಡ್ಡನ್ನು ಯಾರು ವಸೂಲಿ ಮಾಡಬೇಕು, ಯಾವ ದರದಲ್ಲಿ ಅನ್ನುವುದರ ಬಗ್ಗೆ. ಅನುಮತಿ ಇಲ್ಲದೆ ಹಾಡು ಹಾಕಬಹುದು ಅಂತ ಈ ಯಾವ ತೀರ್ಪೂ ಹೇಳಿಲ್ಲ.

ನೋಟಿಸ್ ಬಂದ ಮೇಲೆ ನಾವು ಮಾಡಿದ್ದು

ಅವತ್ತೇ ಸಂಜೆ ಹಾಡು ನಿಲ್ಲಿಸಿದರು. ಇದು ಮುಖ್ಯ. ನೋಟಿಸ್ ಕೈಗೆ ಬಂದ ಮೇಲೂ ಹಾಕಿದರೆ "ನಮಗೆ ಗೊತ್ತಿರಲಿಲ್ಲ" ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ.

ಆಮೇಲೆ ನೋಟಿಸ್ ಅಸಲಿಯಾ ಅಂತ ನೋಡಿದೆವು. ಇಂಥದ್ದರಲ್ಲಿ ನಕಲಿಗಳೂ ಓಡಾಡುತ್ತವೆ, ಫೋನ್ ಮಾಡಿ "ಇವತ್ತೇ ಈ ನಂಬರಿಗೆ ಯುಪಿಐ ಮಾಡಿ" ಅನ್ನುವವರು ಇದ್ದಾರೆ. ಅಸಲಿ ಕಂಪನಿ ತನ್ನ ಹೆಸರಿನ ಬ್ಯಾಂಕ್ ಖಾತೆಗೆ ಕಟ್ಟಿಸಿಕೊಳ್ಳುತ್ತದೆ, ಜಿಎಸ್‌ಟಿ ನಂಬರ್ ಇರುವ ಇನ್‌ವಾಯ್ಸ್ ಕೊಡುತ್ತದೆ, ಆ ಹಾಡುಗಳ ಹಕ್ಕು ಆಡಿಯೋ ಕಂಪನಿಯಿಂದ ತನಗೆ ಬಂದಿದೆ ಅನ್ನುವ ಒಪ್ಪಂದದ ಪ್ರತಿಯನ್ನು ಕೇಳಿದರೆ ತೋರಿಸಬೇಕು. ಸೊಸೈಟಿ ಅಂತ ಹೇಳಿಕೊಂಡರೆ ಕಾಪಿರೈಟ್ ಆಫೀಸಿನ ಪಟ್ಟಿಯಲ್ಲಿ ಹೆಸರಿದೆಯಾ ಅಂತ ನೋಡಬಹುದು. ನಾವು ವಕೀಲರ ಮೂಲಕ ಬರೆದು ಕೇಳಿದ್ದು ಮೂರು: ಐದೂ ಹಾಡುಗಳ ಹಕ್ಕಿನ ದಾಖಲೆ, ವಿಡಿಯೋ, ಫೀಸನ್ನು ಯಾವ ಲೆಕ್ಕದಲ್ಲಿ ಹಾಕಿದಿರಿ ಅನ್ನುವ ವಿವರ.

ಉತ್ತರ ಬಂದಾಗ ಎರಡು ವಿಷಯ ಹೊರಬಿತ್ತು. ಅವರು 80 ಸೀಟು ಅಂತ ಲೆಕ್ಕ ಹಾಕಿದ್ದರು, ಇರುವುದು 38. ಮೂರು ವರ್ಷದ ಫೀಸು ಕೇಳಿದ್ದರು, ಕೆಫೆಗೇ ಒಂದೂವರೆ ವರ್ಷ. ಫುಡ್ ಲೈಸೆನ್ಸ್, ಟ್ರೇಡ್ ಲೈಸೆನ್ಸ್, ಬಾಡಿಗೆ ಕರಾರು ಈ ಮೂರನ್ನೂ ಕಳಿಸಿದೆವು. ಐದರಲ್ಲಿ ಒಂದು ಹಾಡಿನ ಆಡಿಯೋ ಕಂಪನಿ ಅವರ ಪಟ್ಟಿಯಲ್ಲೇ ಇರಲಿಲ್ಲ. ಇಷ್ಟರ ಜೊತೆ ಕೋರ್ಟ್‌ಗಳಲ್ಲಿ ನಡೆಯುತ್ತಿರುವ ವ್ಯಾಜ್ಯವನ್ನೂ ವಕೀಲರು ಎತ್ತಿದರು. ಕೊನೆಗೆ ಮೊದಲು ಕೇಳಿದ್ದರ ಕಾಲು ಭಾಗಕ್ಕಿಂತ ಕಡಿಮೆಗೆ ಇತ್ಯರ್ಥ ಆಯಿತು. ಹಿಂದಿನದಕ್ಕೆ ಇನ್ನು ಯಾವ ಹಕ್ಕೊತ್ತಾಯವೂ ಇಲ್ಲ ಅಂತ ಬರಹದಲ್ಲಿ ತಗೊಂಡ ಮೇಲೆಯೇ ದುಡ್ಡು ಕಟ್ಟಿದ್ದು. ಆ ಒಂದು ಸಾಲಿನ ಕಾಗದ ಇಲ್ಲದೆ ಯಾರೂ ಕಟ್ಟಬೇಡಿ.

ಇಲ್ಲಿ ಒಂದು ಮಾತು. ನೋಟಿಸ್‌ನಲ್ಲಿರುವ ಮೊತ್ತವೇ ಅಂತಿಮ ಅಂದುಕೊಂಡು ಹೆದರಿ ಕಟ್ಟುವವರು ಬಹಳ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್‌ನ ದರ ಸೀಟು ಅಥವಾ ಚದರ ಅಡಿ, ಸ್ಥಳದ ಬಗೆ, ಬಳಕೆಯ ಬಗೆ ಇವುಗಳ ಮೇಲೆ ನಿಂತಿರುತ್ತದೆ. ದರಪಟ್ಟಿ ವೆಬ್‌ಸೈಟ್‌ನಲ್ಲಿ ಇರುತ್ತದೆ. ಕುಳಿತು ನಿಮ್ಮ ಸೀಟು ಎಣಿಸಿ, ನೀವೇ ಲೆಕ್ಕ ಹಾಕಿ.

ಮುಂದಕ್ಕೆ ಏನು ಹಾಕುವುದು?

ಹಿಂದಿನದು ಮುಗಿದರೂ ಮುಂದಿನದು ಉಳಿದಿತ್ತು. ಹಾಡಿಲ್ಲದ ಕೆಫೆ ಬಿಕೋ ಅನ್ನುತ್ತದೆ ಅಂತ ಮೇಡಂ. ಅವರ ಹಾಡಿನ ಬಳಕೆಯನ್ನು ನಾಲ್ಕಾಗಿ ಬಿಡಿಸಿ ಒಂದೊಂದನ್ನೇ ನೋಡಿದೆವು. ಯಾಕೆಂದರೆ ಒಂದೊಂದಕ್ಕೂ ಬೇಕಾದ ಅನುಮತಿ ಬೇರೆ.

ಬೆಳಗಿನ ದಾಸರಪದ. "ದೇವರ ಹಾಡಿಗೂ ಲೈಸೆನ್ಸಾ ಸರ್?" ಅಂದರು ಯಜಮಾನರು. ನಿಜವಾದ ಧಾರ್ಮಿಕ ಆಚರಣೆಯಲ್ಲಿ ಹಾಡು ಬಳಸುವುದಕ್ಕೆ ಕಾಯ್ದೆಯ 52(1)(za) ವಿನಾಯಿತಿ ಕೊಡುತ್ತದೆ. ಅಂಗಡಿಯಲ್ಲಿ ಆಯುಧಪೂಜೆ ಮಾಡುವಾಗ ಹಾಕಿದರೆ ಆ ವಿನಾಯಿತಿಯ ಮಾತು ಎತ್ತಬಹುದು. ಆದರೆ ಇಡ್ಲಿ ತಿನ್ನುವ ಗಿರಾಕಿಗಳಿಗೆ ಬೆಳಗ್ಗೆಯೆಲ್ಲ ಕೇಳಿಸುವುದು ಆಚರಣೆ ಅಲ್ಲ. ಪುರಂದರದಾಸರ ರಚನೆಗೆ ಯಾರ ಕಾಪಿರೈಟೂ ಇಲ್ಲ, ಅದು ಎಲ್ಲರದ್ದು. ಆದರೆ ಅದನ್ನು ಇತ್ತೀಚೆಗೆ ಹಾಡಿ ಮುದ್ರಿಸಿದ ರೆಕಾರ್ಡಿಂಗ್‌ಗೆ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಂದರೆ ಹತ್ತಿರದ ವೀಣೆ ಕಲಿಯುವ ಹುಡುಗಿ ಬಂದು ಭಾನುವಾರ ಬೆಳಿಗ್ಗೆ ಸಾಂಪ್ರದಾಯಿಕ ಧಾಟಿಯಲ್ಲೇ ದಾಸರಪದ ನುಡಿಸಿದರೆ ಯಾರಿಗೂ ಏನೂ ಕೊಡಬೇಕಿಲ್ಲ, ಅದೇ ಪದವನ್ನು ಯೂಟ್ಯೂಬ್‌ನಿಂದ ಹಾಕಿದರೆ ಅನುಮತಿ ಬೇಕು. ಭಾವಗೀತೆಗೆ ಈ ಲೆಕ್ಕ ಹೊಂದುವುದಿಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಸಾಹಿತ್ಯದ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಬೇಂದ್ರೆಯವರದ್ದು 2041ರವರೆಗೆ.

ಶನಿವಾರದ ಗಿಟಾರ್ ಹುಡುಗರು. ಇಲ್ಲಿ ರೆಕಾರ್ಡಿಂಗ್ ಓಡುವುದಿಲ್ಲ, ಹುಡುಗರೇ ಹಾಡುತ್ತಾರೆ. ಹಾಗಾಗಿ ಆಡಿಯೋ ಕಂಪನಿಗಳ ರೆಕಾರ್ಡಿಂಗ್ ಲೈಸೆನ್ಸ್ ಬೇಡ. ಆದರೆ ಅವರು ಹಾಡುವುದು ಸಿನಿಮಾ ಹಾಡು, ಸಾಹಿತ್ಯ ಸಂಗೀತದ ಹಕ್ಕು ಇದ್ದೇ ಇದೆ, ಆದ್ದರಿಂದ ಐಪಿಆರ್‌ಎಸ್‌ನ ಲೈವ್ ಲೈಸೆನ್ಸ್ ಬೇಕು. ಹುಡುಗರು ಮಧ್ಯೆ ಮಧ್ಯೆ ಫೋನಿಂದ ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಿದ್ದರು, ಅದು ರೆಕಾರ್ಡಿಂಗ್ ಆಗುತ್ತದೆ. ಅದನ್ನು ಬಿಡಿಸಿದೆವು. ಹಾಡುವವರ ಹತ್ತಿರ ಲೈಸೆನ್ಸ್ ಇರಬೇಕು, ನಮಗೇನು ಅಂದುಕೊಳ್ಳಬಾರದು. ಲಾಭಕ್ಕಾಗಿ ತನ್ನ ಜಾಗವನ್ನು ಇಂಥದ್ದಕ್ಕೆ ಬಿಟ್ಟುಕೊಟ್ಟವರೂ 51ನೇ ಸೆಕ್ಷನ್ ಪ್ರಕಾರ ಕಾಪಿರೈಟ್ ಉಲ್ಲಂಘಿಸಿದವರ ಸಾಲಿಗೆ ಬರುತ್ತಾರೆ.

ಹೊಸ ವರ್ಷದ ಡಿಜೆ. ವರ್ಷದ ಬ್ಯಾಕ್‌ಗ್ರೌಂಡ್ ಲೈಸೆನ್ಸ್ ಇದ್ದರೂ ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಅದು ಸಾಲುವುದಿಲ್ಲ, ಆ ದಿನಕ್ಕೇ ಪ್ರತ್ಯೇಕವಾಗಿ ತಗೊಳ್ಳಬೇಕು. ಡಿಜೆ ಯಾವ ಹಾಡು ಹಾಕುತ್ತಾನೆ ಅಂತ ಮೊದಲೇ ಹೇಳುವುದು ಕಷ್ಟ, ಆದ್ದರಿಂದ ರೆಕಾರ್ಡಿಂಗ್ ಕಡೆ ಒಂದಕ್ಕಿಂತ ಹೆಚ್ಚು ಕಂಪನಿಗೆ ಕಟ್ಟಬೇಕಾಗಬಹುದು. ಲೆಕ್ಕ ಹಾಕಿ ನೋಡಿದರೆ 38 ಸೀಟಿನ ಟಿಕೆಟ್ ದುಡ್ಡಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಡಿಜೆ ಬಿಟ್ಟು, ಐಪಿಆರ್‌ಎಸ್ ಲೈಸೆನ್ಸ್ ತಗೊಂಡು, ಗಿಟಾರ್ ಹುಡುಗರನ್ನೇ ಅವತ್ತು ರಾತ್ರಿಗೂ ಹಾಡಿಸಿದರು.

ಮದುವೆ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಕೇಳುವವರು ಜಾಸ್ತಿ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂಭ್ರಮಗಳು ಅದೇ 52(1)(za) ವಿನಾಯಿತಿಯಲ್ಲಿ ಬರುತ್ತವೆ ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ಮದುವೆಗಳಲ್ಲಿ ಇದಕ್ಕಾಗಿ ವಸೂಲಿ ಮಾಡುವಂತಿಲ್ಲ ಅಂತ ಕಾಪಿರೈಟ್ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಡಿಪಿಐಐಟಿ 2023ರ ಜುಲೈನಲ್ಲಿ ಪ್ರಕಟಣೆಯನ್ನೂ ಹೊರಡಿಸಿತು. ಆದರೆ ಗೋವಾ ಸರ್ಕಾರ ಇದೇ ಬಗೆಯ ಸುತ್ತೋಲೆ ಹೊರಡಿಸಿದಾಗ ಅಲ್ಲಿನ ಹೈಕೋರ್ಟ್ ಪೀಠ 2024ರಲ್ಲಿ ಅದನ್ನು ರದ್ದು ಮಾಡಿತು. ಕಾಯ್ದೆಯಲ್ಲಿರುವ ವಿನಾಯಿತಿ ಹಾಗೇ ಇದೆ, ಸುತ್ತೋಲೆಯಿಂದ ಅದನ್ನು ಹಿಗ್ಗಿಸುವ ಹಾಗಿಲ್ಲ. ಕೆಫೆಯಲ್ಲಿ ಮಾಡುವ ಹುಟ್ಟುಹಬ್ಬದ ಪಾರ್ಟಿ ಅಥವಾ ಕಂಪನಿಯ ವಾರ್ಷಿಕೋತ್ಸವ ಇದರಲ್ಲಿ ಬರುವುದಿಲ್ಲ.

ಕೊನೆಗೆ ಉಳಿದದ್ದು ದಿನನಿತ್ಯದ ಬ್ಯಾಕ್‌ಗ್ರೌಂಡ್ ಹಾಡು. ಬಿಸಿನೆಸ್ ಮ್ಯೂಸಿಕ್ ಸರ್ವಿಸ್ ಅನ್ನುವುದು ಬಂದದ್ದು ಇಲ್ಲಿ.

ಬಿಸಿನೆಸ್ ಸರ್ವಿಸ್ ಕೊಡುವುದೇನು, ಕೊಡದ್ದೇನು

ಇವು ಅಂಗಡಿಗಳಿಗೇ ಅಂತ ಮಾಡಿದ ಸೇವೆಗಳು. ಸ್ವೀಡನ್ನಿನ ಸೌಂಡ್‌ಟ್ರ್ಯಾಕ್, ಅಮೆರಿಕದ ಮೂಡ್ ಮೀಡಿಯಾ ಹೊರಗಿನವು. ನಮ್ಮ ಬೆಂಗಳೂರಿನಿಂದಲೇ ಅಂಗಡಿಗಳಿಗೆ ರೇಡಿಯೋ ನಡೆಸುವ ರೇಡಿಯೋವಾಲಾ ಇದೆ. ಬಹಳಷ್ಟು ಕಡೆ ಸಿಗುವ ಸೌಕರ್ಯ ಒಂದೇ ಬಗೆಯದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ಬೇರೆ ಬೇರೆ ಪಟ್ಟಿಯನ್ನು ಮೊದಲೇ ಹೊಂದಿಸಿಡಬಹುದು, ಒಳಗೊಂದು ಹೊರಗೊಂದು ಹಾಕಬಹುದು, ಕೆಟ್ಟ ಮಾತಿರುವ ಹಾಡು ಬರದ ಹಾಗೆ ತಡೆಯಬಹುದು, ನೆಟ್ ಹೋದರೂ ಹಾಡು ನಿಲ್ಲುವುದಿಲ್ಲ, ನಾಲ್ಕು ಬ್ರಾಂಚ್ ಇದ್ದರೆ ಒಂದೇ ಕಡೆಯಿಂದ ನೋಡಿಕೊಳ್ಳಬಹುದು, ಮಧ್ಯೆ ನಿಮ್ಮದೇ ಆಫರ್ ಪ್ರಕಟಣೆ ಹಾಕಬಹುದು. ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು, ಯಾವ ಹಾಡು ಯಾವಾಗ ಓಡಿತು ಅನ್ನುವ ದಾಖಲೆ. ನಾಳೆ ಯಾರಾದರೂ ನಮ್ಮ ಹಾಡು ಹಾಕಿದ್ದೀರಿ ಅಂದರೆ ತೆಗೆದು ತೋರಿಸಬಹುದು.

ಇಷ್ಟಕ್ಕೇ ಮರುಳಾಗಿ ಸಹಿ ಹಾಕಬೇಡಿ. ಮೇಡಂ ಕೇಳಿದ ಮೊದಲ ಸರ್ವಿಸ್‌ನವರು ಫೋನಿನಲ್ಲಿ "ಎಲ್ಲಾ ಲೀಗಲ್ ಮೇಡಂ, ಚಿಂತೆ ಬೇಡ" ಅಂದರು. ಕರಾರು ತರಿಸಿ ಓದಿದರೆ ಒಳಗಡೆ ಒಂದು ಸಾಲು ಇತ್ತು: ಸಾರ್ವಜನಿಕ ಪ್ರದರ್ಶನದ ಲೈಸೆನ್ಸ್ ಗ್ರಾಹಕರ ಜವಾಬ್ದಾರಿ. ಅಂದರೆ ಅವರು ಕೊಡುವುದು ವ್ಯಾಪಾರದ ಬಳಕೆಗೆ ಒಪ್ಪಿರುವ ಆ್ಯಪ್. ಹಾಡಿನ ಮಾಲೀಕರಿಗೆ ನೀವು ಕಟ್ಟುವುದು ಹಾಗೇ ಉಳಿಯಿತು. ಇದು ಮೋಸ ಅಲ್ಲ, ಜಗತ್ತಿನ ಎಷ್ಟೋ ದೇಶಗಳಲ್ಲಿ ವ್ಯವಸ್ಥೆ ಹೀಗೇ ಇದೆ. ಸೌಂಡ್‌ಟ್ರ್ಯಾಕ್ ಕೂಡ ಅಮೆರಿಕ, ಕೆನಡಾದಲ್ಲಿ ಈ ಲೈಸೆನ್ಸ್ ಸೇರಿಸಿ ಕೊಡುತ್ತದೆ, ಉಳಿದ ಕಡೆ ಅಂಗಡಿಯವರೇ ಸ್ಥಳೀಯ ಸಂಘಕ್ಕೆ ಕಟ್ಟಬೇಕು. ಅಮೆರಿಕದಲ್ಲಿ ಹೋಟೆಲ್ ಇಟ್ಟಿರುವ ನಮ್ಮವರ ಅನುಭವ ಕೇಳಿ ಇಲ್ಲೂ ಹಾಗೇ ಅಂದುಕೊಳ್ಳುವುದು ಅದಕ್ಕೇ ಸರಿಹೋಗುವುದಿಲ್ಲ. ಅಲ್ಲಿ ಸಣ್ಣ ಅಂಗಡಿಗಳು ರೇಡಿಯೋ, ಟಿವಿ ಹಾಕುವುದಕ್ಕೆ ವಿನಾಯಿತಿಯೂ ಇದೆ. ನಮ್ಮ ಕಾಯ್ದೆಯಲ್ಲಿ ಅಂಗಡಿ ಇಷ್ಟು ಚಿಕ್ಕದು ಅನ್ನುವ ಕಾರಣಕ್ಕೆ ಸಿಗುವ ವಿನಾಯಿತಿ ಇಲ್ಲ.

ಎರಡನೇ ಸರ್ವಿಸ್‌ನವರ ಬಗೆ ಬೇರೆ. ಅವರು ಓಡಿಸುವುದು ತಾವೇ ಮಾಡಿಸಿದ, ಎರಡೂ ಹಕ್ಕು ತಮ್ಮ ಹತ್ತಿರವೇ ಇರುವ ಸಂಗೀತ. ಹೆಚ್ಚಿನದು ವಾದ್ಯಸಂಗೀತ. ಜನರಿಗೆ ಗೊತ್ತಿರುವ ಒಂದು ಸಿನಿಮಾ ಹಾಡೂ ಇರುವುದಿಲ್ಲ. ಇವರನ್ನೂ ಬರಹದಲ್ಲಿ ಕೇಳಿದೆವು: ರೆಕಾರ್ಡಿಂಗ್ ಹಕ್ಕು ಮತ್ತು ಸಾಹಿತ್ಯ ಸಂಗೀತದ ಹಕ್ಕು ಎರಡೂ ಇದರಲ್ಲಿ ಸೇರಿದೆಯಾ? ಸಂಗೀತ ಮಾಡಿದವರು ಐಪಿಆರ್‌ಎಸ್ ಸದಸ್ಯರಾ? ಸದಸ್ಯರಾಗಿದ್ದರೆ ಸಂಘ ಬಂದು ಕೇಳಬಹುದಲ್ಲ? ಮೂರನೇ ವ್ಯಕ್ತಿ ನೋಟಿಸ್ ಕೊಟ್ಟರೆ ನಷ್ಟ ನೀವು ತುಂಬಿಕೊಡುತ್ತೀರಾ? ಎಲ್ಲಕ್ಕೂ ಲೆಟರ್‌ಹೆಡ್‌ನಲ್ಲಿ, ಕೆಫೆಯ ವಿಳಾಸ ನಮೂದಿಸಿ ಉತ್ತರ ಕೊಟ್ಟರು. ಆ ಪತ್ರ ಈಗ ಕೌಂಟರ್ ಹಿಂದೆ ಫುಡ್ ಲೈಸೆನ್ಸ್ ಪಕ್ಕದಲ್ಲಿ ಫ್ರೇಮ್ ಹಾಕಿಟ್ಟಿದ್ದಾರೆ.

ಖರ್ಚಿನ ಬಗ್ಗೆ ಒಂದು ವಿಷಯ. ಈ ಸೇವೆಗೂ ಲೈಸೆನ್ಸಿಗೂ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ಗಿರಾಕಿಗೆ ಶೇಕಡಾ 5 ಹಾಕುವ ರೆಸ್ಟೋರೆಂಟ್‌ಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಆದ್ದರಿಂದ ಆ 18 ಪೂರ್ತಿ ಕೈಯಿಂದಲೇ ಹೋಗುತ್ತದೆ. ಕೊಟೇಶನ್ ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಿ.

ಮೇಡಂ ಆರಿಸಿಕೊಂಡದ್ದು ಇದು. ವಾರದ ದಿನಗಳಲ್ಲಿ ಎರಡನೇ ಸರ್ವಿಸ್‌ನ ವಾದ್ಯಸಂಗೀತ. ಶನಿವಾರ ಐಪಿಆರ್‌ಎಸ್ ಲೈಸೆನ್ಸ್ ಇಟ್ಟುಕೊಂಡು ಗಿಟಾರ್ ಹುಡುಗರ ಬಾಯಲ್ಲಿ ಕನ್ನಡ ಸಿನಿಮಾ ಹಾಡು. ರೆಕಾರ್ಡ್ ಆದ ಸಿನಿಮಾ ಹಾಡು ಸದ್ಯಕ್ಕೆ ಇಲ್ಲ. ಅದು ಬೇಕೇಬೇಕಿದ್ದ ಇನ್ನೊಬ್ಬರಿಗೆ, ಮಂಡ್ಯ ರಸ್ತೆಯ ಒಂದು ಊಟದ ಹೋಟೆಲ್‌ಗೆ, ಬೇರೆ ದಾರಿ ಮಾಡಿದೆವು. ಅವರು ಹಾಕುವ ಹಾಡೆಲ್ಲ ಯಾವ ಯಾವ ಆಡಿಯೋ ಕಂಪನಿಯದ್ದು ಅಂತ ಪಟ್ಟಿ ಮಾಡಿ, ಒಂದೇ ಲೈಸೆನ್ಸ್‌ನಲ್ಲಿ ಸಿಗುವ ಆಡಿಯೋ ಕಂಪನಿಗಳ ಹಾಡುಗಳಿಗೆ ಅದನ್ನು ಇಳಿಸಿ, ಆ ಒಂದು ರೆಕಾರ್ಡಿಂಗ್ ಲೈಸೆನ್ಸ್ ಮತ್ತು ಐಪಿಆರ್‌ಎಸ್ ತಗೊಂಡರು. ಹಾಡು ಓಡುವುದು ಬಿಸಿನೆಸ್ ಸರ್ವಿಸ್‌ನಿಂದ, ಯಾಕೆಂದರೆ ಎರಡೂ ಲೈಸೆನ್ಸ್ ಇದ್ದರೂ ಸ್ವಂತದ ಅಕೌಂಟ್‌ನಿಂದ ಹಾಕಿದರೆ ಆ್ಯಪ್‌ನ ಷರತ್ತು ಮುರಿದ ಹಾಗೇ.

ಕೆಫೆಯಲ್ಲಿ ಆಮೇಲೂ ಒಂದು ಸಮಸ್ಯೆ ಬಂತು. ಮೇಡಂ ಇಲ್ಲದಾಗ ಸಂಜೆ ಶಿಫ್ಟ್ ಹುಡುಗ ವಾದ್ಯಸಂಗೀತ ಬೇಜಾರು ಅಂತ ತನ್ನ ಫೋನನ್ನೇ ಬ್ಲೂಟೂತ್‌ನಲ್ಲಿ ಸ್ಪೀಕರ್‌ಗೆ ಸೇರಿಸಿ ಹೊಸ ಸಿನಿಮಾ ಹಾಡು ಹಾಕುತ್ತಿದ್ದ. ಗೊತ್ತಾದದ್ದು ಸರ್ವಿಸ್‌ನ ದಾಖಲೆಯಿಂದ, ಏಳರಿಂದ ಒಂಬತ್ತರವರೆಗೆ ಏನೂ ಓಡಿಲ್ಲ ಅಂತ ತೋರಿಸುತ್ತಿತ್ತು. ಆ್ಯಂಪ್ಲಿಫೈಯರ್‌ನ ಬ್ಲೂಟೂತ್ ಆಫ್ ಮಾಡಿಸಿ, ಸರ್ವಿಸ್‌ನವರ ಪ್ಲೇಯರ್‌ನಿಂದ ನೇರ ವೈರ್ ಎಳೆಸಿ, ಆ್ಯಂಪ್ಲಿಫೈಯರನ್ನು ಬೀಗ ಹಾಕುವ ಕಪಾಟಿನೊಳಗೆ ಇಟ್ಟರು. ಹುಡುಗನಿಗೆ ಬೈಯಲಿಲ್ಲ, ಕೂರಿಸಿಕೊಂಡು ನೋಟಿಸ್ ತೋರಿಸಿದರು. ಸಂಜೆಗೆ ಸ್ವಲ್ಪ ಜೋರಾದ ಪಟ್ಟಿಯನ್ನು ಸರ್ವಿಸ್‌ನಲ್ಲಿ ಆರಿಸುವ ಕೆಲಸ ಈಗ ಅವನದ್ದೇ.